ಅಂಚು ದಾಟುವ ಕೋಟೆ

ಇನ್‌ಸ್ಟಾಗ್ರಾಂನಲ್ಲಿ ಚಿತ್ರದುರ್ಗದ ಕೋಟೆಗೋಡೆಯ ಫೋಟೊ ಕಾಣುತ್ತದೆ. ಗೋಡೆ ಪರದೆಯ ಬಲ ಅಂಚಿನಲ್ಲಿ ಅರ್ಧಕ್ಕೇ ನಿಂತಿದೆ. ಮೇಲೆ ‘ಏಳು ಸುತ್ತಿನ’ ಎಂದಷ್ಟೇ ಬರಹ. ಮುಂದೇನು? ಬೆರಳು ತಾನಾಗಿ ಸರಿಯುತ್ತದೆ. ‘ಕೋಟೆಯೊಳಗೆ’ ಎಂಬ ಪದ, ಗೋಡೆಯ ಉಳಿದ ಭಾಗ ಎರಡೂ ಎದುರಾಗುತ್ತವೆ.

ಇಂಥದ್ದನ್ನು ಮೂರು ಸ್ಲೈಡ್‌ಗಳಲ್ಲಿ ಮಾಡಲು ಮೊದಲು ಒಂದೇ ಉದ್ದನೆಯ ಹಾಳೆ ಬೇಕು: ಅಗಲ 3240 ಪಿಕ್ಸೆಲ್, ಎತ್ತರ 1350. ಅದರ ಮೇಲೆ 1080 ಮತ್ತು 2160ರಲ್ಲಿ ಗೆರೆ ಹಾಕಿಕೊಂಡು, ವಿನ್ಯಾಸವೆಲ್ಲ ಮುಗಿದ ಮೇಲಷ್ಟೇ ಕತ್ತರಿಸಬೇಕು.

ಗೆರೆಯ ಮೇಲೆ ಏನು ಬರಬೇಕು ಎಂಬುದೇ ಇಲ್ಲಿನ ನಿಜವಾದ ಕೆಲಸ. ಗೋಡೆ, ದಾರಿ, ಚಾಚಿದ ಕೈ ಬರಬಹುದು, ಮುಖ ಬರಬಾರದು. ಕನ್ನಡದ ಬರಹಕ್ಕಂತೂ ಇನ್ನಷ್ಟು ಎಚ್ಚರ ಬೇಕು. ‘ಕೋ’ ಅಕ್ಷರದ ಕೊನೆಯ ದೀರ್ಘ ಮುಂದಿನ ಸ್ಲೈಡಿಗೆ ಹೋದರೆ ಮೊದಲನೆಯದರಲ್ಲಿ ‘ಕೊ’ ಮಾತ್ರ ಉಳಿಯುತ್ತದೆ. ಆದ್ದರಿಂದ ವಾಕ್ಯವನ್ನು ಪದಗಳ ನಡುವೆಯೇ ಮುರಿಯುವುದು ಲೇಸು.

ಕತ್ತರಿಸಿದ ತುಂಡುಗಳಿಗೆ ಬೇರೆ ಬೇರೆಯಾಗಿ ಫಿಲ್ಟರ್ ಹಾಕಿದರೆ ಆಕಾಶದ ಬಣ್ಣ ಅಂಚಿನಲ್ಲಿ ಒಡೆಯುತ್ತದೆ. ಪ್ರಕಟಿಸುವ ಮೊದಲು ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ, ಹಿಗ್ಗಿಸಿ, ಅಂಚನ್ನು ನೋಡಿ. ಗೋಡೆಯ ಕಲ್ಲು ಮೆಟ್ಟಿಲಿನಂತೆ ಏರುಪೇರಾಗಿ ಕಂಡರೆ ಗೆರೆ ತಪ್ಪಿದೆ. ಮೂಲ ಹಾಳೆಯಿಂದ ಮತ್ತೆ ಕತ್ತರಿಸಿ.