ರೆಸ್ಯೂಮೆಯ ತಾರೀಖು, ಪಾಸ್‌ಬುಕ್ಕಿನ ತಾರೀಖು

2012ರ ಜನವರಿಯಲ್ಲಿ ಯಾಹೂ ಕಂಪನಿಯ ಮುಖ್ಯಸ್ಥರಾದ ಸ್ಕಾಟ್ ಥಾಂಪ್ಸನ್ ಅದೇ ವರ್ಷದ ಮೇ ತಿಂಗಳಲ್ಲಿ ಹುದ್ದೆ ಬಿಟ್ಟರು. ಅದಕ್ಕೆ ಮುಂಚೆ ಅವರು ಪೇಪಾಲ್‌ನ ಅಧ್ಯಕ್ಷರಾಗಿದ್ದವರು, ಅನುಭವಕ್ಕೇನೂ ಕೊರತೆ ಇರಲಿಲ್ಲ. ಮುಳುವಾದದ್ದು ಅವರ ಪರಿಚಯಪತ್ರದ ಒಂದೇ ಸಾಲು. ಅಮೆರಿಕದ ಸ್ಟೋನ್‌ಹಿಲ್ ಕಾಲೇಜಿನಿಂದ ಅಕೌಂಟಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ಪದವಿ ಪಡೆದಿದ್ದಾರೆ ಎಂದು ಅಲ್ಲಿ ಬರೆದಿತ್ತು. ಯಾಹೂದಲ್ಲಿ ಪಾಲು ಹೊಂದಿದ್ದ ಹೂಡಿಕೆ ಸಂಸ್ಥೆಯೊಂದರ ಮುಖ್ಯಸ್ಥ ಡೇನಿಯಲ್ ಲೋಬ್ ಕಾಲೇಜನ್ನೇ ವಿಚಾರಿಸಿ, ಮೇ 3ರಂದು ಯಾಹೂದ ನಿರ್ದೇಶಕ ಮಂಡಳಿಗೆ ಪತ್ರ ಬರೆದರು. ಥಾಂಪ್ಸನ್ ಪದವಿ ಮುಗಿಸಿದ್ದು 1979ರಲ್ಲಿ. ಆ ಕಾಲೇಜು ಕಂಪ್ಯೂಟರ್ ಸೈನ್ಸ್ ಪದವಿ ಕೊಡಲು ಶುರು ಮಾಡಿದ್ದೇ 1983ರಲ್ಲಿ. ಪತ್ರ ಹೋದ ಹತ್ತು ದಿನಕ್ಕೆ ಥಾಂಪ್ಸನ್ ನಿರ್ಗಮಿಸಿದರು. ಅಕೌಂಟಿಂಗ್ ಪದವಿ ನಿಜವೇ ಆಗಿತ್ತು, ಜೊತೆಗೆ ಸೇರಿದ ಎರಡು ಪದಗಳು ಸುಳ್ಳಾಗಿದ್ದವು.

ಇಷ್ಟು ದೊಡ್ಡ ಕುರ್ಚಿಯ ಕಥೆ ನಮಗ್ಯಾಕೆ ಎನಿಸಬಹುದು. ಆದರೆ ಸಿಕ್ಕಿಬಿದ್ದ ಬಗೆ ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯಲ್ಲಿ ವಾರವಾರವೂ ನಡೆಯುವಂಥದ್ದೇ. ಅಭ್ಯರ್ಥಿ ಒಂದು ಮಾತು ಬರೆಯುತ್ತಾನೆ. ಅದೇ ಮಾತು ಇನ್ನೊಬ್ಬರ ದಾಖಲೆಯಲ್ಲೂ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರೊಬ್ಬರು ಬರುತ್ತಾರೆ.

ಒಪ್ಪ ಮಾಡುವುದಕ್ಕೂ ತಿರುಚುವುದಕ್ಕೂ ನಡುವಿನ ಗೆರೆ ಇರುವುದೂ ಇಲ್ಲಿಯೇ. ಮಾಡಿದ ಹತ್ತು ಕೆಲಸಗಳಲ್ಲಿ ಯಾವುದನ್ನು ಮೇಲೆ ಹಾಕಬೇಕು, ಯಾವುದನ್ನು ಕೈಬಿಡಬೇಕು, ಯಾವ ಮಾತಿನಲ್ಲಿ ವಿವರಿಸಬೇಕು ಎನ್ನುವುದು ಬರೆಯುವವನ ಹಕ್ಕು. ಹತ್ತನೇ ತರಗತಿಯ ಕಡಿಮೆ ಅಂಕವನ್ನು ರೆಸ್ಯೂಮೆಯಲ್ಲಿ ಹಾಕದಿದ್ದರೆ ಅದು ಮೋಸವಲ್ಲ. ಆದರೆ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನ, ಪದವಿ ಇವು ಮೂರೂ ಬರೆಯುವವನ ಸ್ವತ್ತಲ್ಲ. ಅವನ್ನು ಕೊಟ್ಟವರು ಬೇರೆ, ದಾಖಲಿಸಿಟ್ಟವರೂ ಬೇರೆ. ಅವನ್ನು ಮುಟ್ಟಿದ ಕ್ಷಣದಿಂದ ಅದು ಒಪ್ಪ ಅಲ್ಲ, ತಿದ್ದುವಿಕೆ.

ಗೆರೆ ಮಸುಕಾಗುವ ಜಾಗಗಳೂ ಇವೆ. ರೆಸ್ಯೂಮೆಯಲ್ಲಿ ತಿಂಗಳು ಬಿಟ್ಟು ಬರೀ ವರ್ಷ ಬರೆಯುವುದು ಅಂಥದ್ದು. "2018–2020, 2021–2024" ಎಂದರೆ ನಡುವೆ ಒಂದು ತಿಂಗಳ ಬಿಡುವಿತ್ತೋ ಹತ್ತು ತಿಂಗಳಿನದೋ ಗೊತ್ತಾಗುವುದಿಲ್ಲ. ಅಷ್ಟಕ್ಕೇ ನಿಂತರೆ ಸುಳ್ಳೆನ್ನಲಾಗದು. ಆದರೆ ಕೆಲಸ ಖಚಿತವಾಗುವಾಗ ತುಂಬಿಸುವ ಪರಿಶೀಲನೆಯ ಫಾರ್ಮು ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತದೆ. ಕೊನೆಗೆ "ಮೇಲಿನದೆಲ್ಲ ಸತ್ಯ" ಎಂಬ ಘೋಷಣೆಗೆ ಸಹಿ ಹಾಕಿಸಿಕೊಳ್ಳುತ್ತದೆ. ಮಸುಕು ಅಲ್ಲಿಗೆ ಮುಗಿಯುತ್ತದೆ.

ದಿನನಿತ್ಯ ನಡೆಯುವ ಬಗೆಯ ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ನೋಡೋಣ. ಹಾಸನ ಕಡೆಯ ಹುಡುಗ, 2018ರಲ್ಲಿ ಬಿ.ಇ. ಮುಗಿಸಿದ. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸಣ್ಣ ಕಂಪನಿಗೆ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಸೇರಿದ. ಕೋವಿಡ್ ವರ್ಷದ ಕೊನೆಗೆ, 2020ರ ನವೆಂಬರ್‌ನಲ್ಲಿ, ಕೆಲಸ ಹೋಯಿತು. ಏಳು ತಿಂಗಳು ಊರಲ್ಲಿದ್ದ. 2021ರ ಜುಲೈನಲ್ಲಿ ಸಿಬ್ಬಂದಿ ಒದಗಿಸುವ ಏಜೆನ್ಸಿಯೊಂದರ ಮೂಲಕ ದೊಡ್ಡ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೂರುವುದು ಆ ಕಂಪನಿಯಲ್ಲಿ, ಸಂಬಳ ಬರುವುದು ಏಜೆನ್ಸಿಯಿಂದ. 2024ರಲ್ಲಿ ಇನ್ನೊಂದು ಕಡೆ ಅರ್ಜಿ ಹಾಕಿದಾಗ ಅವನು ಮೂರು ಜಾಗದಲ್ಲಿ ಕೈಯಾಡಿಸಿದ: ಮೊದಲ ಕೆಲಸವನ್ನು 2021ರ ಜೂನ್‌ವರೆಗೆ ಎಳೆದ, ಅಲ್ಲಿನ ಹುದ್ದೆಯನ್ನು "ಟೀಮ್ ಲೀಡ್" ಮಾಡಿದ, ಎರಡನೆಯ ಕೆಲಸಕ್ಕೆ ಆ ದೊಡ್ಡ ಕಂಪನಿಯನ್ನೇ ತನ್ನ ಮಾಲೀಕ ಎಂದು ಬರೆದ.

ಸಂದರ್ಶನ ಚೆನ್ನಾಗಿಯೇ ಆಯಿತು, ಆಫರ್ ಲೆಟರ್ ಬಂತು. ಅದರಲ್ಲಿ "ಹಿನ್ನೆಲೆ ಪರಿಶೀಲನೆಗೆ ಒಳಪಟ್ಟು" ಎಂಬ ಷರತ್ತಿತ್ತು. ಇದು ಬಹುತೇಕ ಎಲ್ಲ ಆಫರ್‌ಗಳಲ್ಲೂ ಇರುತ್ತದೆ, ಓದುವವರು ಕಡಿಮೆ. ಎಷ್ಟೋ ಕಂಪನಿಗಳಲ್ಲಿ ವರದಿ ಬರುವುದು ಹೊಸಬ ಸೇರಿ ಕೆಲವು ವಾರ ಕಳೆದ ಮೇಲೆ. ಅಷ್ಟರಲ್ಲಿ ಹಳೆಯ ಕೆಲಸ ಬಿಟ್ಟಾಗಿರುತ್ತದೆ, ಹೊಸ ಮನೆಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಸಿಕ್ಕಿಬೀಳುವ ನೋವು ಹೆಚ್ಚಾಗುವುದು ಇದರಿಂದಲೇ.

ಪರಿಶೀಲನೆ ಮಾಡುವುದು ಸಾಮಾನ್ಯವಾಗಿ ಅದಕ್ಕೆಂದೇ ಇರುವ ಏಜೆನ್ಸಿ. ಅಭ್ಯರ್ಥಿಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಅವರು ಹಳೆಯ ಕಂಪನಿಯ ಎಚ್.ಆರ್. ವಿಭಾಗಕ್ಕೆ ಮೇಲ್ ಕಳಿಸುತ್ತಾರೆ. ಅಭ್ಯರ್ಥಿ ಕೊಟ್ಟ ಫೋನ್ ನಂಬರನ್ನಷ್ಟೇ ನೆಚ್ಚಿಕೊಳ್ಳುವುದಿಲ್ಲ, ಏಕೆಂದರೆ ಅದು ಗೆಳೆಯನದೂ ಆಗಿರಬಹುದು. ಮೇಲ್‌ನಲ್ಲಿ ಕೇಳುವುದು ಚಿಕ್ಕ ಪಟ್ಟಿ: ಉದ್ಯೋಗಿ ಸಂಖ್ಯೆ, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ. ಹುಡುಗನ ಹಳೆಯ ಕಂಪನಿ ಎರಡು ಸಾಲಿನ ಉತ್ತರ ಕಳಿಸಿತು. ಹುದ್ದೆ ಸಾಫ್ಟ್‌ವೇರ್ ಎಂಜಿನಿಯರ್, ಬಿಟ್ಟದ್ದು 2020ರ ನವೆಂಬರ್ 27.

ಉತ್ತರ ಬಾರದಿದ್ದರೂ ಅವನ ತಾರೀಖು ಉಳಿಯುತ್ತಿರಲಿಲ್ಲ. ಭವಿಷ್ಯನಿಧಿ ಸಂಘಟನೆ 2014ರಿಂದ ಪ್ರತಿ ಸದಸ್ಯನಿಗೂ ಯು.ಎ.ಎನ್. ಎಂಬ ಹನ್ನೆರಡು ಅಂಕಿಯ ಸಂಖ್ಯೆ ಕೊಡುತ್ತಿದೆ. ಕಂಪನಿ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಪ್ರತಿ ಕಂಪನಿಗೂ ಅದರಡಿಯಲ್ಲಿ ಒಂದೊಂದು ಸದಸ್ಯ ಐಡಿ ಸೇರುತ್ತಾ ಹೋಗುತ್ತದೆ. ಪಾಸ್‌ಬುಕ್ ತೆರೆದರೆ ಯಾವ ತಿಂಗಳ ಸಂಬಳಕ್ಕೆ ಎಷ್ಟು ಪಿ.ಎಫ್. ಕಟ್ಟಲಾಗಿದೆ ಎಂಬ ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಹುಡುಗನ ಮೊದಲ ಐಡಿಯಲ್ಲಿ ಕೊನೆಯ ಸಾಲು 2020ರ ನವೆಂಬರ್ ಸಂಬಳದ್ದು. ಅದರ ಮುಂದಿನ ಸಾಲು ಎರಡನೆಯ ಐಡಿಯಲ್ಲಿದೆ, 2021ರ ಜುಲೈನದು, ಮತ್ತು ಅಲ್ಲಿ ಮಾಲೀಕನ ಜಾಗದಲ್ಲಿರುವುದು ಏಜೆನ್ಸಿಯ ಹೆಸರು. ಎಳೆದ ತಿಂಗಳುಗಳೂ ಬದಲಾಯಿಸಿದ ಮಾಲೀಕನೂ ಒಂದೇ ಪುಟದಲ್ಲಿ ಬಯಲಾದವು. ಸಂಬಳಕ್ಕೆ ತೆರಿಗೆ ಕಡಿತವಾಗಿದ್ದರೆ ಆದಾಯ ತೆರಿಗೆ ಇಲಾಖೆಯ 26ಎಎಸ್ ಹೇಳಿಕೆಯಲ್ಲೂ ಸಂಬಳ ಕೊಟ್ಟವರ ಹೆಸರು ಸಿಗುತ್ತದೆ.

ದೊಡ್ಡ ಕಂಪನಿಯ ಹೆಸರು ಹಾಕುವುದನ್ನು ಬೆಂಗಳೂರಿನಲ್ಲಿ ಹಲವರು ತಪ್ಪೆಂದೇ ಭಾವಿಸುವುದಿಲ್ಲ. ಮೂರು ವರ್ಷ ಅದೇ ಕಟ್ಟಡಕ್ಕೆ ಹೋಗಿದ್ದಾರೆ, ಅದೇ ಕಂಪನಿಯ ಬ್ಯಾಡ್ಜ್ ಕೊರಳಲ್ಲಿದೆ, ಕೆಲಸವೂ ಅಲ್ಲಿಯದೇ. ಅವರ ಸಂಕಟ ಅರ್ಥವಾಗುವಂಥದ್ದು. ಆದರೆ ಪರಿಶೀಲಕರು ಆ ಕಂಪನಿಯನ್ನು ಕೇಳಿದರೆ "ಈ ಹೆಸರಿನ ಉದ್ಯೋಗಿ ನಮ್ಮಲ್ಲಿ ಇರಲಿಲ್ಲ" ಎಂಬ ಉತ್ತರವೇ ಬರುತ್ತದೆ. ಮೂರು ವರ್ಷದ ನಿಜವಾದ ದುಡಿಮೆ ಕಾಗದದ ಮೇಲೆ ಇಲ್ಲದಂತಾಗುತ್ತದೆ. ಏಜೆನ್ಸಿಯ ಹೆಸರು ಮೊದಲು, "ಇಂಥ ಗ್ರಾಹಕ ಕಂಪನಿಗಾಗಿ" ಎಂದು ಅದರ ಪಕ್ಕ ಬರೆದರೆ ಎರಡೂ ಸತ್ಯವೇ.

ಪದವಿಯ ಪರಿಶೀಲನೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮೂಲಕ ನಡೆಯುತ್ತದೆ, ಡಿಜಿಲಾಕರ್‌ಗೆ ಬಂದಿರುವ ಅಂಕಪಟ್ಟಿಗಳನ್ನು ಅಲ್ಲಿಯೇ ನೋಡಬಹುದು. ಇಲ್ಲಿ ಪೂರ್ತಿ ನಕಲಿ ಪದವಿಗಿಂತ ಮನಸ್ಸು ಕಲಕುವುದು ಇನ್ನೊಂದು ಬಗೆ: ಒಂದೆರಡು ಬ್ಯಾಕ್‌ಲಾಗ್ ಉಳಿಸಿಕೊಂಡವರು "ಬಿ.ಇ., 2018" ಎಂದು ಬರೆದುಬಿಡುವುದು. ನಾಲ್ಕು ವರ್ಷ ಓದಿದ್ದು ನಿಜ, ಪದವಿ ಇನ್ನೂ ಬಂದಿಲ್ಲ. ವಿ.ಟಿ.ಯು. ವಿದ್ಯಾರ್ಥಿಯಾದರೆ ಯು.ಎಸ್.ಎನ್. ಎಂಬ ನೋಂದಣಿ ಸಂಖ್ಯೆಯೇ ಅರ್ಧ ಕಥೆ ಹೇಳುತ್ತದೆ. ಅದರ ಮೊದಲ ಅಂಕಿ ಪ್ರಾಂತ್ಯದ್ದು, ಮುಂದಿನ ಎರಡು ಅಕ್ಷರ ಕಾಲೇಜಿನದು, ಆಮೇಲಿನ ಎರಡು ಅಂಕಿ ಪ್ರವೇಶದ ವರ್ಷ, ಅದರ ನಂತರ ವಿಭಾಗ. 14ರಲ್ಲಿ ಸೇರಿದವನ ಪದವಿ 2018ರದ್ದೋ 2020ರದ್ದೋ ಎಂದು ನೋಡಲು ಕೊನೆಯ ಅಂಕಪಟ್ಟಿಯ ತಾರೀಖೊಂದು ಸಾಕು. "ಕೋರ್ಸ್ ಮುಗಿದಿದೆ, ಎರಡು ವಿಷಯ ಬಾಕಿ" ಎಂದು ಬರೆದವನಿಗೆ ಕೆಲವು ಬಾಗಿಲು ಮುಚ್ಚಬಹುದು. ಪದವಿ ಬಂದಿದೆ ಎಂದವನಿಗೆ ತೆರೆದ ಬಾಗಿಲೇ ಆಮೇಲೆ ಮುಚ್ಚುತ್ತದೆ.

ಇನ್ನೊಂದು ದಂಧೆಯನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ದುಡ್ಡು ಕೊಟ್ಟರೆ ಅನುಭವ ಪತ್ರ, ಸಂಬಳದ ಚೀಟಿ ಎಲ್ಲವನ್ನೂ ಮಾಡಿಕೊಡುವ ಹೆಸರಿಗಷ್ಟೇ ಇರುವ ಕಂಪನಿಗಳಿವೆ. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್, ಭಾರತದಲ್ಲಿ ಇಂಥ ಕಂಪನಿಗಳ ಪತ್ರ ತೋರಿಸಿ ಕೆಲಸ ಗಿಟ್ಟಿಸಿದವರನ್ನು ಪತ್ತೆಹಚ್ಚಿ ತೆಗೆದುಹಾಕಿರುವುದಾಗಿ ತಿಳಿಸಿತು. ಈ ಕಂಪನಿಗಳನ್ನು ಗುರುತಿಸುವ ದಾರಿ ಕಷ್ಟದ್ದಲ್ಲ. ಐದು ವರ್ಷದ ಅನುಭವ ಕೊಟ್ಟ ಕಂಪನಿ ನೋಂದಣಿಯಾಗಿ ಎರಡೇ ವರ್ಷವಾಗಿರುತ್ತದೆ. ಕೊಟ್ಟ ವಿಳಾಸಕ್ಕೆ ಹೋದರೆ ಬೀಗ ಹಾಕಿದ ಕೋಣೆಯೋ ಬೇರೆ ಅಂಗಡಿಯೋ ಇರುತ್ತದೆ. ಬ್ಯಾಂಕ್ ಹೇಳಿಕೆಯಲ್ಲಿ ಸಂಬಳ ಜಮೆಯಾಗಿರುವುದಿಲ್ಲ. ಒಂದೇ ಕಂಪನಿಯ ಒಂದೇ ಬಗೆಯ ಪತ್ರ ಹಲವು ಅಭ್ಯರ್ಥಿಗಳಿಂದ ಬಂದಾಗ ಅನುಮಾನ ತಾನಾಗಿ ಹುಟ್ಟುತ್ತದೆ. ಇಲ್ಲಿ ವಿಷಯ ಕೆಲಸ ಕಳೆದುಕೊಳ್ಳುವುದಕ್ಕೆ ನಿಲ್ಲದೆ ನಕಲಿ ದಾಖಲೆಯ ಅಪರಾಧಕ್ಕೂ ಹೋಗಬಹುದು.

ಹಾಗೆಂದು ಪರಿಶೀಲನೆಯ ದಾಖಲೆಗಳು ತಪ್ಪೇ ಮಾಡವು ಎಂದಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ಸಾಮಾನ್ಯವಾಗಿ ಪಿ.ಎಫ್. ಕಡ್ಡಾಯವಿಲ್ಲ, ಅಲ್ಲಿ ದುಡಿದವನ ಪಾಸ್‌ಬುಕ್ ಖಾಲಿ. ಕೆಲವು ಕಂಪನಿಗಳು ಬಿಟ್ಟ ದಿನವನ್ನು ನಮೂದಿಸುವುದೇ ಇಲ್ಲ. ಆಗ ಅವನು ಇನ್ನೂ ಅಲ್ಲಿಯೇ ಇರುವಂತೆ ಕಾಣುತ್ತದೆ. ಕೊನೆಯ ಪಿ.ಎಫ್. ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಉದ್ಯೋಗಿಯೇ ಪೋರ್ಟಲ್‌ನಲ್ಲಿ ಆ ದಿನವನ್ನು ಹಾಕಬಹುದು, ಇದು ಅನೇಕರಿಗೆ ತಿಳಿದಿಲ್ಲ. ನಮ್ಮ ಕಡೆಯ ಇನಿಷಿಯಲ್ಲುಗಳದು ಇನ್ನೊಂದು ತಾಪತ್ರಯ. ಅಂಕಪಟ್ಟಿಯಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಪೂರ್ತಿ ಹೆಸರು, ಪಿ.ಎಫ್.ನಲ್ಲಿ ಎರಡೂ ಇಲ್ಲ. ಮೂವರೂ ಒಬ್ಬರೇ ಎಂದು ಪರಿಶೀಲಕರಿಗೆ ತೋರಿಸಿಕೊಡಬೇಕು. ಇಂಥವು ವರದಿಯಲ್ಲಿ ಹಳದಿ ಬಣ್ಣದಲ್ಲಿ ಬರುತ್ತವೆ: ವಿವರಣೆ ಬೇಕು ಎಂದರ್ಥ. ಸಂಬಳದ ಚೀಟಿ, ಬ್ಯಾಂಕ್ ಹೇಳಿಕೆ, ಒಂದು ಪ್ರಮಾಣಪತ್ರ ಕೊಟ್ಟರೆ ಹಸಿರಾಗುತ್ತವೆ.

ಹಾಸನದ ಹುಡುಗನ ಸಾಲುಗಳು ಬಂದದ್ದು ಕೆಂಪಿನಲ್ಲಿ. ವಿವರಣೆ ಕೇಳಿದಾಗ ಕೊಡಲು ಅವನಲ್ಲಿ ಕಾಗದವಿರಲಿಲ್ಲ, ಏಕೆಂದರೆ ಅಂಥ ಕಾಗದ ಇರಲು ಸಾಧ್ಯವೇ ಇರಲಿಲ್ಲ. ಅವನ ನಿಜವಾದ ಕಥೆಯನ್ನೇ ಬರೆದಿದ್ದರೆ ಹೀಗಿರುತ್ತಿತ್ತು: "ಸಾಫ್ಟ್‌ವೇರ್ ಎಂಜಿನಿಯರ್, ಅಕ್ಟೋಬರ್ 2018ರಿಂದ ನವೆಂಬರ್ 2020, ಕೊನೆಯ ಎಂಟು ತಿಂಗಳು ಮೂವರ ತಂಡದ ಕೆಲಸ ಹಂಚಿಕೆ ನೋಡಿಕೊಂಡಿದ್ದೇನೆ." "ಟೀಮ್ ಲೀಡ್" ಎಂಬ ಪದದಿಂದ ಅವನು ಹೇಳಲು ಹೊರಟದ್ದು ಈ ಕೊನೆಯ ಮಾತನ್ನೇ. ಏಳು ತಿಂಗಳ ಬಿಡುವಿನ ಎದುರು ಪರಿಶೀಲಕರು ಕಾರಣ ಕೇಳುತ್ತಿದ್ದರು. ಕೋವಿಡ್‌ನಲ್ಲಿ ಕೆಲಸ ಹೋಯಿತು ಎಂದು ಅವನು ಹೇಳುತ್ತಿದ್ದ. ಹಳೆಯ ಕಂಪನಿಯ ಎರಡು ಸಾಲಿನ ಮೇಲ್ ಅದನ್ನೇ ಹೇಳುತ್ತಿತ್ತು.