ಸರ್ವರ್ ನಿಂತ 47 ನಿಮಿಷ: ಯಾರನ್ನೂ ದೂಷಿಸದ ತನಿಖೆ

ಆನ್‌ಲೈನ್ ಅಂಗಡಿಯೊಂದರ ಆ್ಯಪ್ ಹಾಡಹಗಲೇ ತೆರೆಯುವುದನ್ನು ನಿಲ್ಲಿಸಿತು ಎಂದುಕೊಳ್ಳಿ. ದುರಸ್ತಿಯಾದ ಮೇಲೆ ಎಂಜಿನಿಯರುಗಳು ಕೂತು, ನಡೆದದ್ದನ್ನೆಲ್ಲ ನಿಮಿಷ ನಿಮಿಷದ ಲೆಕ್ಕದಲ್ಲಿ ಬರೆದಿಡುತ್ತಾರೆ. ಸಾಫ್ಟ್‌ವೇರ್ ಲೋಕದಲ್ಲಿ ಇದನ್ನು ಪೋಸ್ಟ್‌ಮಾರ್ಟಮ್ ವರದಿ ಎನ್ನುತ್ತಾರೆ. ಇದರಲ್ಲೇ ‘ಬ್ಲೇಮ್‌ಲೆಸ್’ ಎಂಬ ಒಂದು ಬಗೆಯಿದೆ. ಅಲ್ಲಿ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. 2012ರಲ್ಲಿ ಅಮೆರಿಕದ ಎಟ್ಸಿ ಕಂಪನಿಯ ಜಾನ್ ಆಲ್ಸ್ಪಾ ಬರೆದ ಲೇಖನವೊಂದರಿಂದ ಈ ಪದ್ಧತಿ ಸಾಫ್ಟ್‌ವೇರ್ ಮಂದಿಯಲ್ಲಿ ಹಬ್ಬಿತು. ವಿಮಾನಯಾನದವರು ಇಂಥದ್ದನ್ನು ಅದಕ್ಕೂ ಮುಂಚೆಯೇ ಕಂಡುಕೊಂಡಿದ್ದರು. ಪೈಲಟ್‌ಗಳು ತಮ್ಮ ಎಡವಟ್ಟುಗಳನ್ನು ಗುಟ್ಟಾಗಿ ವರದಿ ಮಾಡಬಹುದಾದ ವ್ಯವಸ್ಥೆಯನ್ನು ನಾಸಾ 1976ರಿಂದಲೇ ನಡೆಸುತ್ತಿದೆ.

ದೂಷಿಸದಿರುವುದು ಬರೀ ಸೌಜನ್ಯದ ಮಾತು ಎಂದು ಹಲವರು ತಿಳಿದಿದ್ದಾರೆ. ಅದು ಸೌಜನ್ಯಕ್ಕಿಂತ ಹೆಚ್ಚಾಗಿ ತನಿಖೆಯ ಒಂದು ವಿಧಾನ. ಇದನ್ನು ತೋರಿಸಲು ಮಾದರಿ ಘಟನೆಯೊಂದನ್ನು ಕಟ್ಟಿಕೊಂಡಿದ್ದೇನೆ. ಅಂಗಡಿ ಕಲ್ಪಿತ. ಆದರೆ ಅದರ ಒಂದೊಂದು ಕೊಂಡಿಯೂ ಡೇಟಾಬೇಸ್ ನೋಡಿಕೊಳ್ಳುವವರಿಗೆ ಚಿರಪರಿಚಿತ.

ಅಂಗಡಿಯ ಆರ್ಡರ್, ಪಾವತಿ, ರಿಫಂಡ್ ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿವೆ. ಆ್ಯಪ್‌ನ ಸರ್ವರ್‌ಗಳು ಅದರೊಡನೆ ಮಾತಾಡಬೇಕಾದರೆ ಮೊದಲು ಕನೆಕ್ಷನ್ ಪಡೆಯಬೇಕು. ಕನೆಕ್ಷನ್‌ಗಳನ್ನು ಬ್ಯಾಂಕಿನ ಕೌಂಟರ್‌ಗಳಂತೆ ನೋಡಬಹುದು: ಒಂದು ಕೌಂಟರಿನಲ್ಲಿ ಒಂದು ಹೊತ್ತಿಗೆ ಒಬ್ಬರದೇ ಕೆಲಸ. ಪೋಸ್ಟ್‌ಗ್ರೆಸ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಇರುವುದು 100 ಕನೆಕ್ಷನ್. ಅದರಲ್ಲಿ 3 ಆಡಳಿತಗಾರರಿಗೆ ಮೀಸಲು, ಉಳಿದ 97 ಎಲ್ಲರಿಗೂ.

ಮಾಮೂಲಿ ದಿನ ಅಂಗಡಿಗೆ ಇಷ್ಟು ಬೇಕಾಗುವುದೇ ಇಲ್ಲ. ಸೆಕೆಂಡಿಗೆ 150 ಕೋರಿಕೆ ಬರುತ್ತವೆ, ಒಂದೊಂದಕ್ಕೂ 20 ಮಿಲಿಸೆಕೆಂಡ್ ಸಾಕು. 150ನ್ನು 0.02ರಿಂದ ಗುಣಿಸಿದರೆ 3. ಅಂದರೆ ಸರಾಸರಿ ಮೂರೇ ಕನೆಕ್ಷನ್ ಕೆಲಸದಲ್ಲಿರುತ್ತವೆ. ಬರುವ ವೇಗವನ್ನು ತಗಲುವ ಸಮಯದಿಂದ ಗುಣಿಸುವ ಈ ಸೂತ್ರವನ್ನು ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಇದೇ ಸೂತ್ರ ಅಪಾಯವನ್ನೂ ಹೇಳುತ್ತದೆ. ಗಿರಾಕಿಗಳ ಸಂಖ್ಯೆ ಒಂದಿಷ್ಟೂ ಹೆಚ್ಚದೆ, ಪ್ರತಿ ಕೋರಿಕೆಗೆ ತಗಲುವ ಸಮಯ ಒಂದು ಸೆಕೆಂಡಿಗೆ ಏರಿದರೆ ಸಾಕು, 150 ಕನೆಕ್ಷನ್ ಬೇಕಾಗುತ್ತವೆ. ಇರುವುದು 97.

ಆ ದಿನ ಆದದ್ದೂ ಇದೇ. ಲೆಕ್ಕಪತ್ರ ವಿಭಾಗದ ಉದ್ಯೋಗಿಯೊಬ್ಬರು ಬೆಳಗ್ಗೆ 11:02ಕ್ಕೆ ಮಾರ್ಚ್ ತಿಂಗಳ ರಿಫಂಡ್ ವರದಿ ಕೇಳಿ ಗುಂಡಿ ಒತ್ತಿದರು. ಹಿಂದಿನ ವಾರವಷ್ಟೇ ಸೇರಿಸಿದ್ದ ವರದಿ ಅದು. ಅದರ ಹಿಂದಿದ್ದ ಕ್ವೆರಿಯ ಮುಖ್ಯ ಸಾಲು ಹೀಗಿತ್ತು:

```sql
WHERE date_trunc('month', created_at) = '2025-03-01'
```

ಓದಲು ಸರಿಯಾಗಿಯೇ ಇದೆ, ಉತ್ತರವೂ ಸರಿಯಾಗಿಯೇ ಬರುತ್ತದೆ. ಆದರೆ `created_at` ಮೇಲೆ ಇರುವ ಇಂಡೆಕ್ಸ್ ಪೂರ್ತಿ ದಿನಾಂಕಗಳನ್ನು ಅನುಕ್ರಮವಾಗಿ ಇಟ್ಟುಕೊಂಡಿರುತ್ತದೆ. ಕ್ವೆರಿ ಕೇಳುತ್ತಿರುವುದು ದಿನಾಂಕವನ್ನಲ್ಲ, ದಿನಾಂಕದ ಮೇಲೆ ಲೆಕ್ಕ ಮಾಡಿ ತೆಗೆದ ತಿಂಗಳನ್ನು. ಹಾಗಾಗಿ ಆ ಇಂಡೆಕ್ಸ್ ಉಪಯೋಗಕ್ಕೆ ಬಾರದೆ, ಡೇಟಾಬೇಸ್ ಪ್ರತಿಯೊಂದು ಸಾಲನ್ನೂ ತೆರೆದು ನೋಡತೊಡಗಿತು. ಪರೀಕ್ಷೆಗೆಂದು ಇಟ್ಟಿದ್ದ ಡೇಟಾಬೇಸ್‌ನಲ್ಲಿ 20 ಸಾವಿರ ಸಾಲುಗಳಿದ್ದವು. ಅಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂದಿತ್ತು. ಅಸಲಿ ಡೇಟಾಬೇಸ್‌ನಲ್ಲಿದ್ದದ್ದು 4 ಕೋಟಿ.

ಒಂದು ನಿಮಿಷ ಕಾದ ಮೇಲೆ ಪುಟ ‘ಸಮಯ ಮೀರಿತು’ ಎಂದಿತು. ಉದ್ಯೋಗಿ ಮತ್ತೆ ಒತ್ತಿದರು. 11:08ರ ಹೊತ್ತಿಗೆ ಆರು ಸಲ ಆಗಿತ್ತು. ಪುಟ ಕೈಚೆಲ್ಲಿದರೂ ಡೇಟಾಬೇಸ್‌ನೊಳಗೆ ಕ್ವೆರಿ ನಿಂತಿರಲಿಲ್ಲ. ಒಂದರ ಮೇಲೊಂದರಂತೆ ಆರೂ ಕ್ವೆರಿಗಳು ಡಿಸ್ಕನ್ನು ಜಾಲಾಡುತ್ತಿದ್ದವು. ಡಿಸ್ಕಿಗೆ ಬಿಡುವಿಲ್ಲದಂತಾಗಿ ಗಿರಾಕಿಗಳ ಪುಟ್ಟ ಕೋರಿಕೆಗಳೂ ಸಾಲಿನಲ್ಲಿ ನಿಂತವು. 20 ಮಿಲಿಸೆಕೆಂಡಿನ ಕೆಲಸ ಒಂದು ಸೆಕೆಂಡ್ ದಾಟಿತು, ಕನೆಕ್ಷನ್‌ಗಳೆಲ್ಲ ತುಂಬಿದವು. 11:11ಕ್ಕೆ ಪಾಳಿಯಲ್ಲಿದ್ದ ಎಂಜಿನಿಯರ್‌ಗೆ ಎಚ್ಚರಿಕೆಯ ಕರೆ ಹೋಯಿತು.

ಅವರ ಪರದೆಯ ಮೇಲೆ ಕಾಣುತ್ತಿದ್ದದ್ದು ಆ್ಯಪ್ ಸರ್ವರ್‌ಗಳ ದೂರು ಮಾತ್ರ: ಕನೆಕ್ಷನ್ ಸಿಗುತ್ತಿಲ್ಲ. ತಂಡದ ಕೈಪಿಡಿಯಲ್ಲಿ ಇದಕ್ಕೆ ಬರೆದಿದ್ದ ಮದ್ದು, ಆ್ಯಪ್ ಸರ್ವರ್‌ಗಳನ್ನು ರೀಸ್ಟಾರ್ಟ್ ಮಾಡುವುದು. 11:18ಕ್ಕೆ ಹಾಗೇ ಮಾಡಿದರು. ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಪೋಸ್ಟ್‌ಗ್ರೆಸ್‌ನಲ್ಲಿ ಕ್ವೆರಿ ನಡೆಯುತ್ತಿರುವಾಗ ಆಚೆ ಬದಿಯವರು ಎದ್ದು ಹೋದರೂ, ಉತ್ತರ ಕಳಿಸಲು ಹೊರಡುವವರೆಗೆ ಅದಕ್ಕೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಈ ವರದಿ ಎಲ್ಲ ಸಾಲುಗಳನ್ನೂ ಕೂಡಿಸಿ ಕೊನೆಯಲ್ಲಷ್ಟೇ ಉತ್ತರ ಕೊಡುವಂಥದ್ದು. ಹೀಗಾಗಿ ಹಳೆಯ ಆರು ಕ್ವೆರಿಗಳು ಅಲ್ಲೇ ಉಳಿದವು. ಹೊಸದಾಗಿ ಎದ್ದ ಸರ್ವರ್‌ಗಳು ಒಟ್ಟಿಗೇ ಕನೆಕ್ಷನ್‌ಗೆ ಮುಗಿಬಿದ್ದವು. ಆರು ಸರ್ವರ್, ಒಂದೊಂದಕ್ಕೆ 20ರವರೆಗೆ ಅನುಮತಿ, ಒಟ್ಟು 120. ಮೊದಲು ನಾಲ್ಕೇ ಸರ್ವರ್‌ಗಳಿದ್ದು 80ಕ್ಕೆ ಮುಗಿಯುತ್ತಿತ್ತು. ಹಬ್ಬದ ಮಾರಾಟಕ್ಕೆಂದು ಎರಡು ಸರ್ವರ್ ಸೇರಿಸಿದ ದಿನವೇ ಲೆಕ್ಕ 97ನ್ನು ಮೀರಿತ್ತು. ಮಾಮೂಲಿ ದಿನ ಮೂರೇ ಬಳಕೆಯಾಗುತ್ತಿದ್ದುದರಿಂದ ಯಾರಿಗೂ ಅದು ಕಂಡಿರಲಿಲ್ಲ.

ಎಂಜಿನಿಯರ್ ಆಮೇಲೆ ನೇರವಾಗಿ ಡೇಟಾಬೇಸ್‌ಗೇ ಲಾಗಿನ್ ಆಗಲು ಹೋದರು. ಅಲ್ಲಿ ಬಂದ ಉತ್ತರ:

```
FATAL:  sorry, too many clients already
```

ಇಂಥ ಹೊತ್ತಿಗೆಂದೇ ಮೀಸಲಿಟ್ಟ ಮೂರು ಜಾಗಗಳೂ ಭರ್ತಿಯಾಗಿದ್ದವು. ಡೇಟಾಬೇಸ್‌ನ ಆರೋಗ್ಯ ನೋಡುವ ಮಾನಿಟರಿಂಗ್ ಸಾಧನಕ್ಕೆ ಆಡಳಿತಗಾರರ ಖಾತೆಯನ್ನೇ ಕೊಟ್ಟಿದ್ದರು. ಅದರ ತಪಾಸಣೆಗಳೂ ನಿಧಾನವಾಗಿ, ಮೂರಕ್ಕೆ ಮೂರನ್ನೂ ಹಿಡಿದು ಕೂತಿದ್ದವು. 11:40ಕ್ಕೆ ಆ ಸಾಧನವನ್ನು ನಿಲ್ಲಿಸಿದ ಮೇಲೆ ಒಂದು ಜಾಗ ಸಿಕ್ಕಿತು. ಆಗ ಕೇಳಿದ್ದು:

```sql
SELECT pid, now() - query_start AS age, left(query, 60)
FROM pg_stat_activity
WHERE state = 'active'
ORDER BY age DESC;
```

ತುಂಬಾ ಹೊತ್ತಿನಿಂದ ಓಡುತ್ತಿರುವ ಕ್ವೆರಿಗಳು ಮೇಲೆ ಬರುವಂತೆ ಇದು ಪಟ್ಟಿ ಕೊಡುತ್ತದೆ. ಆರು ಸಾಲುಗಳು ಒಂದೇ ಥರ ಇದ್ದವು, ಮೊದಲನೆಯದಕ್ಕೆ 40 ನಿಮಿಷ ತುಂಬುತ್ತಿತ್ತು. `pg_cancel_backend` ಕೊಟ್ಟು ಆರನ್ನೂ ನಿಲ್ಲಿಸಿದರು. 11:49ಕ್ಕೆ ಅಂಗಡಿ ತೆರೆಯಿತು.

ಈಗ ವರದಿ ಬರೆಯುವ ಸರದಿ. ಸುಲಭದ ದಾರಿ ಕೈಗೆಟುಕುವಂತೆಯೇ ಇದೆ: ‘ಕ್ವೆರಿ ಬರೆದವರು ಇಂಡೆಕ್ಸ್ ನೋಡಲಿಲ್ಲ, ಲೆಕ್ಕಪತ್ರದವರು ಆರು ಸಲ ಒತ್ತಿದರು, ಪಾಳಿಯಲ್ಲಿದ್ದವರು ತಪ್ಪಾಗಿ ರೀಸ್ಟಾರ್ಟ್ ಮಾಡಿದರು. ಇನ್ನು ಮುಂದೆ ಎಲ್ಲರೂ ಎಚ್ಚರ ವಹಿಸತಕ್ಕದ್ದು.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ವರದಿ ಬಂದ ಮರುದಿನವೂ ಡೇಟಾಬೇಸ್ ಹಿಂದಿನ ದಿನ ಹೇಗಿತ್ತೋ ಹಾಗೇ ಇರುತ್ತದೆ.

ದೂಷಿಸದ ವರದಿ ಇದೇ ಮೂರು ಜಾಗಗಳಲ್ಲಿ ನಿಂತು ಬೇರೆ ಪ್ರಶ್ನೆ ಕೇಳುತ್ತದೆ: ಆ ಗಳಿಗೆಯಲ್ಲಿ ಈ ವ್ಯಕ್ತಿಗೆ ಏನು ಕಾಣುತ್ತಿತ್ತು? ಮಾಡಿದ್ದು ಸರಿ ಎಂದು ಅವರಿಗೆ ಯಾಕೆ ಅನ್ನಿಸಿತು? ಕ್ವೆರಿ ಬರೆದವರಿಗೆ ಕಂಡದ್ದು 20 ಸಾವಿರ ಸಾಲುಗಳ ಪರೀಕ್ಷೆ, ಕ್ಷಣದಲ್ಲಿ ಬಂದ ಸರಿಯಾದ ಉತ್ತರ. ಪರಿಶೀಲಿಸಿದವರಿಗೆ ಕಂಡದ್ದೂ ಅದೇ. ಪಾಳಿಯಲ್ಲಿದ್ದವರು ಕೈಪಿಡಿ ಹೇಳಿದ್ದನ್ನೇ ಮಾಡಿದರು.

ಆರು ಸಲ ಒತ್ತಿದ ಸಂಗತಿ ಇನ್ನೂ ಮುಖ್ಯ. ಡೇಟಾಬೇಸ್‌ನ ಲಾಗ್‌ನಲ್ಲಿ ಇದ್ದದ್ದು ಒಂದೇ ರೀತಿಯ ಆರು ಕ್ವೆರಿಗಳು ಮಾತ್ರ. ಅದನ್ನಷ್ಟೇ ನೋಡಿದವರು ಯಾವುದೋ ಪ್ರೋಗ್ರಾಮ್ ತಾನಾಗಿ ಮತ್ತೆ ಮತ್ತೆ ಯತ್ನಿಸಿದೆ ಎಂದುಕೊಂಡು ವಾರಗಟ್ಟಲೆ ಅದರ ಬೆನ್ನು ಹತ್ತಬಹುದಿತ್ತು. ‘ಸಮಯ ಮೀರಿತು ಎಂದು ಬಂತು, ಹಾಗಾದರೆ ಮೊದಲಿನದು ರದ್ದಾಗಿದೆ ಅಂದುಕೊಂಡು ಮತ್ತೆ ಒತ್ತಿದೆ’ ಎಂದು ಉದ್ಯೋಗಿ ಬಾಯಿಬಿಟ್ಟು ಹೇಳಿದರೆ ಮಾತ್ರ ನಿಜ ಕಾರಣ ಸಿಗುತ್ತದೆ: ಪುಟ ಹೇಳುತ್ತಿದ್ದುದಕ್ಕೂ ಡೇಟಾಬೇಸ್‌ನಲ್ಲಿ ನಡೆಯುತ್ತಿದ್ದುದಕ್ಕೂ ತಾಳೆಯಿರಲಿಲ್ಲ. ಹೇಳಿದರೆ ವಾರ್ಷಿಕ ಮೌಲ್ಯಮಾಪನದಲ್ಲಿ ಪೆಟ್ಟು ಬೀಳುತ್ತದೆ ಎಂಬ ಭಯವಿದ್ದ ಕಡೆ ಈ ಮಾತು ಹೊರಬರುವುದಿಲ್ಲ. ದೂಷಣೆ ಮೊದಲು ಕೊಲ್ಲುವುದು ಇಂಥ ಸಾಕ್ಷ್ಯವನ್ನೇ.

ಆದ್ದರಿಂದ ಅನುಭವಸ್ಥರು ಸಭೆ ಸೇರುವ ಮುನ್ನವೇ ಒಬ್ಬೊಬ್ಬರಿಂದ ಅವರವರ ನೆನಪನ್ನು ಬರೆಸಿಕೊಳ್ಳುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ನೆನಪನ್ನು ತಿದ್ದಬಾರದು ಎಂಬ ಕಾಳಜಿ ಅದು. ವರದಿಯಲ್ಲಿ ಹೆಸರಿನ ಬದಲು ಕೆಲಸದ ಹೆಸರು ಬರುತ್ತದೆ. ಕರಡು ತಿದ್ದುವಾಗ ‘ಇಂಡೆಕ್ಸ್ ನೋಡಬೇಕಿತ್ತು’ ಎನ್ನುವಂಥ ವಾಕ್ಯಗಳನ್ನು ಹುಡುಕಿ ತೆಗೆಯುತ್ತಾರೆ. ಅವು ನಡೆಯದೇ ಇದ್ದದ್ದನ್ನು ವರ್ಣಿಸುತ್ತವೆ, ನಡೆದದ್ದಕ್ಕೆ ಕಾರಣ ಕೊಡುವುದಿಲ್ಲ. ಆ ಜಾಗದಲ್ಲಿ ‘ಪರೀಕ್ಷಾ ಡೇಟಾಬೇಸ್‌ನಲ್ಲಿ 20 ಸಾವಿರ ಸಾಲುಗಳಷ್ಟೇ ಇದ್ದುದರಿಂದ ಕ್ವೆರಿಯ ನಿಧಾನ ಹೊರಗೆ ಕಾಣಲಿಲ್ಲ’ ಎಂದು ಬರೆದರೆ, ಏನನ್ನು ಬದಲಿಸಬೇಕೆಂಬುದು ಆ ವಾಕ್ಯದಲ್ಲೇ ಇರುತ್ತದೆ.

ಈ ಘಟನೆಯಿಂದ ಹೊರಟ ಕೆಲಸಗಳೂ ಅಷ್ಟೇ ನಿರ್ದಿಷ್ಟ. ಮೊದಲು ಕ್ವೆರಿ ತಿದ್ದುವುದು: `created_at >= '2025-03-01' AND created_at < '2025-04-01'` ಎಂದರೆ ಅದೇ ಉತ್ತರ ಇಂಡೆಕ್ಸ್ ಮೂಲಕ ಸಿಗುತ್ತದೆ. ಆದರೆ ನಾಳೆ ಇನ್ನೊಬ್ಬರು ಇಂಥದ್ದೇ ಕ್ವೆರಿ ಬರೆಯಬಹುದು. ಹೀಗಾಗಿ ವರದಿಗಳಿಗೆಂದೇ ಪ್ರತ್ಯೇಕ ಖಾತೆ ಮಾಡಿ, ಅದಕ್ಕೆ ಬೇಲಿ ಹಾಕಬೇಕು:

```sql
ALTER ROLE reports SET statement_timeout = '30s';
ALTER ROLE reports CONNECTION LIMIT 3;
```

ಇಷ್ಟಾದರೆ ಈ ಖಾತೆಯ ಯಾವ ಕ್ವೆರಿಯೂ 30 ಸೆಕೆಂಡ್ ಮೀರಿ ಓಡದು, ಎಷ್ಟು ಸಲ ಒತ್ತಿದರೂ ಮೂರಕ್ಕಿಂತ ಹೆಚ್ಚು ಕನೆಕ್ಷನ್ ಸಿಗದು. ಪೋಸ್ಟ್‌ಗ್ರೆಸ್‌ನಲ್ಲಿ ಈ ಕಾಲಮಿತಿ ತಾನಾಗಿ ಇರುವುದಿಲ್ಲ, ನಾವೇ ಇಡಬೇಕು. ಪ್ರತಿ ಸರ್ವರ್‌ನ ಮಿತಿಯನ್ನು 20ರಿಂದ 12ಕ್ಕೆ ಇಳಿಸಿದರೆ ಆರು ಸರ್ವರ್‌ಗೆ 72, ಅದು 97ರೊಳಗೇ ಉಳಿಯುತ್ತದೆ. ಮಾನಿಟರಿಂಗ್‌ಗೆ ಸಾಮಾನ್ಯ ಖಾತೆ ಕೊಟ್ಟರೆ ಮೀಸಲು ಜಾಗ ಆಡಳಿತಗಾರರಿಗೇ ಉಳಿಯುತ್ತದೆ. ಕೈಪಿಡಿಯಲ್ಲಿ ರೀಸ್ಟಾರ್ಟ್‌ಗಿಂತ ಮುಂಚೆ `pg_stat_activity` ನೋಡುವ ಹೆಜ್ಜೆ ಸೇರಬೇಕು.

ಬೇಲಿಗೂ ಬೆಲೆಯಿದೆ. ನಿಜವಾಗಿಯೇ ಐದು ನಿಮಿಷ ಬೇಕಾಗುವ ವರ್ಷಾಂತ್ಯದ ವರದಿ ಈಗ ಅರ್ಧಕ್ಕೇ ನಿಲ್ಲುತ್ತದೆ. ಅಂಥವನ್ನು ಡೇಟಾಬೇಸ್‌ನ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿಟ್ಟು ಅಲ್ಲಿ ಓಡಿಸಬೇಕು. ಅದಕ್ಕೆ ಹಣ ಬೇಕು, ಸಮಯ ಬೇಕು. ಹಾಗಾಗಿ ಪ್ರತಿ ಕೆಲಸದ ಮುಂದೆ ಮಾಡುವವರ ಹೆಸರು ಮತ್ತು ಮುಗಿಸುವ ತಾರೀಖು ಬರೆಯುತ್ತಾರೆ. ದೂಷಿಸದಿರುವುದೆಂದರೆ ಹೊಣೆಯಿಲ್ಲದಿರುವುದು ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಆಗಿಹೋದದ್ದರ ಪುಟಗಳಲ್ಲಿ ಯಾರ ಹೆಸರೂ ಇರುವುದಿಲ್ಲ, ಆಗಬೇಕಾದ್ದರ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಒಂದು ಹೆಸರಿರುತ್ತದೆ. ಬೇಕೆಂದೇ ಹಾನಿ ಮಾಡಿದ್ದರೆ ಅದು ಶಿಸ್ತುಕ್ರಮದ ವಿಷಯ, ಈ ವರದಿಯ ವ್ಯಾಪ್ತಿಗೆ ಬರುವುದಿಲ್ಲ.

ವರದಿ ತನ್ನ ಕೆಲಸ ಮಾಡಿದೆಯೇ ಎಂದು ಪರೀಕ್ಷಿಸುವುದೂ ಕಷ್ಟವಲ್ಲ. ತಿಂಗಳ ನಂತರ, ಗಿರಾಕಿಗಳಿಗೆ ತಿಳಿಸಿಯೇ ಒಂದು ಬಿಡುವಿನ ಹೊತ್ತಿನಲ್ಲಿ, ಅದೇ ಹಳೆಯ ಕ್ವೆರಿಯನ್ನು ವರದಿ ಖಾತೆಯಿಂದ ಆರು ಸಲ ಒಟ್ಟಿಗೇ ಓಡಿಸಿ ನೋಡಬೇಕು. ಮೂರಕ್ಕೆ ಕನೆಕ್ಷನ್ ನಿರಾಕರಣೆಯಾಗಿ, ಉಳಿದ ಮೂರು 30 ಸೆಕೆಂಡಿಗೆ ನಿಂತು, ಅಂಗಡಿ ನಡೆಯುತ್ತಲೇ ಇದ್ದರೆ ಬರೆದದ್ದು ಸಾರ್ಥಕ. ಮತ್ತೆ ನಿಂತುಹೋದರೆ ತನಿಖೆ ಇನ್ನೂ ಮುಗಿದಿಲ್ಲ ಎಂದೇ ಅರ್ಥ.