ಕಪ್ಪು ಪ್ಯಾಂಟಿನ ಮೇಲಿನ ಬಿಳಿ ಕಲೆ

ಟಾಪ್ ಲೋಡ್ ಮೆಷಿನ್‌ನಿಂದ ತೆಗೆದ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೀರುಗಳು ಕಂಡರೆ ತಪ್ಪು ಪುಡಿಯದ್ದು ಎನ್ನುತ್ತೇವೆ. ಪೂರ್ತಿ ಹಾಗಲ್ಲ. ಆ ಗೀರಿನ ಮೇಲೆ ಬಿಸಿನೀರು ಹಾಕಿ ಉಜ್ಜಿ ನೋಡಿ. ಜಾರುತ್ತಾ ನೊರೆ ಬಂದು ಹೋದರೆ ಅದು ಕರಗದೆ ಉಳಿದ ಪುಡಿ. ಹೋಗದಿದ್ದರೆ, ವಿನೆಗರ್ ಹಚ್ಚಿದಾಗ ಮಾತ್ರ ಬಿಟ್ಟರೆ, ಅದು ಸುಣ್ಣ: ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಪುಡಿಯಲ್ಲಿರುವ ವಾಷಿಂಗ್ ಸೋಡಾ ಜೊತೆ ಸೇರಿ ಬಟ್ಟೆಗೆ ಕೂತದ್ದು.

ಕರಗದ ಪುಡಿಗೆ ಮದ್ದು ಸುಲಭ. ಬಟ್ಟೆಯ ಮೇಲೆ ಸುರಿಯಬೇಡಿ. ಒಂದು ಮಗ್ ಬಿಸಿನೀರಲ್ಲಿ ಕದಡಿ, ಖಾಲಿ ಡ್ರಮ್ಮಿಗೆ ಹಾಕಿ, ಆಮೇಲೆ ಬಟ್ಟೆ ತುಂಬಿ. ತುರುಕಿ ತುಂಬಿದರೆ ಈ ಉಪಾಯವೂ ದಕ್ಕದು. ನೀರು ಆಡಲು ಜಾಗ ಬೇಕು. ಚಳಿಗಾಲದ ತಣ್ಣೀರು, ಕ್ವಿಕ್ ವಾಶ್, ಗಾಢ ಬಣ್ಣ ಇದ್ದಾಗ ಲಿಕ್ವಿಡ್ಡೇ ಸರಿ. ಸುಣ್ಣ ಕೂರುವ ಮನೆಗೂ ಅದೇ ವಾಸಿ, ಆದರೆ ಗಡಸು ನೀರಿಗೆ ಪ್ಯಾಕಿನಲ್ಲಿ ಹೇಳಿರುವಷ್ಟು ಅಳತೆ ಹಾಕಬೇಕು. ಕಾಲರಿನ ಎಣ್ಣೆ ಜಿಡ್ಡಿಗೆ ನಾಲ್ಕು ಹನಿ ನೇರವಾಗಿ ಹಚ್ಚಿ ಹತ್ತು ನಿಮಿಷ ಬಿಡಬಹುದು. ಪುಡಿಯಲ್ಲಿ ಈ ಅನುಕೂಲವಿಲ್ಲ.

ಆದರೂ ಬಿಳಿ ಯೂನಿಫಾರ್ಮ್, ಕೆಮ್ಮಣ್ಣು ಮೆತ್ತಿದ ಕಾಲುಚೀಲಗಳಿಗೆ ನಾನು ಪುಡಿಯನ್ನೇ ಆರಿಸುತ್ತೇನೆ. ಅದರ ಕ್ಷಾರ ಮಣ್ಣನ್ನು ಚೆನ್ನಾಗಿ ಬಿಡಿಸುತ್ತದೆ. ಕೆಲವು ಪುಡಿಗಳಲ್ಲಿ ಆಕ್ಸಿಜನ್ ಬ್ಲೀಚ್ ಕೂಡ ಇರುತ್ತದೆ. ಚಹಾ, ಹಣ್ಣಿನ ರಸದ ಕಲೆ ತೆಗೆಯುವ ಈ ಬ್ಲೀಚ್ ನೀರಿನಂಶದಲ್ಲಿ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಾಮಾನ್ಯ ಲಿಕ್ವಿಡ್‌ಗಳಲ್ಲಿ ಸಿಗದು. ತಣ್ಣೀರಲ್ಲಿ ಅದೂ ಮಂದ; ಬಿಸಿನೀರಲ್ಲಿ ನೆನೆಸಿಟ್ಟರೇ ಅದರ ಕೈಚಳಕ ಕಾಣುವುದು.